ಖಿನ್ನತೆಯ ಗುಳಿಗೆ: ಕೆಲಸ ಶುರುವಾಗುವುದು ಮೊದಲ ದಿನ, ನಿರಾಳವಾಗುವುದು ತಿಂಗಳಿಗೆ. ನಡುವೆ ಏನಾಗುತ್ತದೆ?

ಬದಿಯಡ್ಕ, ಪೆರ್ಲ, ಉಪ್ಪಳದ ಮದ್ದಿನಂಗಡಿಗಳಲ್ಲಿ ಎಸಿಟಲೊಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್ ಎಂಬ ಹೆಸರುಗಳು ಈಗ ಹೊಸತೇನಲ್ಲ. ಮೂರೂ ಎಸ್‌ಎಸ್‌ಆರ್‌ಐ ಗುಂಪಿನ ಮದ್ದುಗಳು. ಖಿನ್ನತೆಗೆ ಡಾಕ್ಟರು ಸಾಮಾನ್ಯವಾಗಿ ಮೊದಲು ಬರೆಯುವುದು ಇವನ್ನೇ. ಬರೆಸಿಕೊಂಡವರಲ್ಲಿ ಹಲವರು ಎರಡು ಮೂರು ವಾರಕ್ಕೆ ನಿಲ್ಲಿಸಿಬಿಡುತ್ತಾರೆ. ಅವರು ಹೇಳುವ ಕಾರಣ ಹೆಚ್ಚುಕಡಿಮೆ ಒಂದೇ: "ಹೊಟ್ಟೆ ತೊಳಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ."

ಈ ದೂರು ಸುಳ್ಳಲ್ಲ. ಮದ್ದಿನ ತೊಂದರೆ ಮೊದಲು ಬರುತ್ತದೆ, ಉಪಕಾರ ಆಮೇಲೆ ಬರುತ್ತದೆ. ಆದರೆ ಎರಡಕ್ಕೂ ಮೂಲ ಒಂದೇ ರಾಸಾಯನಿಕ. ಹಾಗಾದರೆ ಒಂದಕ್ಕೆ ದಿನಗಳು ಸಾಕು, ಇನ್ನೊಂದಕ್ಕೆ ವಾರಗಳು ಬೇಕು ಏಕೆ?

ಒಬ್ಬರನ್ನು ಊಹಿಸಿಕೊಂಡು ಹೋಗೋಣ. ಎಣ್ಮಕಜೆ ಕಡೆಯ ಅಡಿಕೆ ಕೃಷಿಕರು, ವಯಸ್ಸು 46. ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರ. ಊಟ ಸೇರುವುದಿಲ್ಲ. ಮಳೆ ಹಿಡಿದರೂ ಕೊಳೆರೋಗಕ್ಕೆ ಮದ್ದು ಬಿಡುವವರಿಗೆ ಫೋನ್ ಮಾಡಲಿಲ್ಲ. ಮಾಡಬೇಕು ಅಂತಲೂ ಅನಿಸಲಿಲ್ಲ. ಮನೆಯವರು ತಲಪಾಡಿ ಗಡಿ ದಾಟಿಸಿ ಮಂಗಳೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕೇಳಿದರು. ಅದರಲ್ಲಿ ಗರಿಷ್ಠ 27 ಅಂಕ, ಇವರಿಗೆ ಬಂದದ್ದು 17. ಮದ್ದು ಬೇಕಾಗುವಷ್ಟು ಗಟ್ಟಿ ಖಿನ್ನತೆ ಅದು. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಹುರುಪಿನಲ್ಲಿ ಇದ್ದದ್ದುಂಟೇ ಎಂದೂ ಕೇಳಿದರು. ಹಾಗಿದ್ದರೆ ಅದು ಅತಿ ಹುರುಪೂ ಖಿನ್ನತೆಯೂ ಸರದಿಯಲ್ಲಿ ಬರುವ ಬೈಪೋಲಾರ್ ಆಗಿರಬಹುದು. ಆಗ ಈ ಗುಳಿಗೆಯೊಂದನ್ನೇ ಕೊಡುವುದು ಅಪಾಯ. ಇವರಿಗೆ ಹಾಗೇನೂ ಇರಲಿಲ್ಲ. ಚೀಟಿಯಲ್ಲಿ ಬರೆದದ್ದು ಎಸಿಟಲೊಪ್ರಾಮ್: ಒಂದು ವಾರ 5 ಮಿಲಿಗ್ರಾಂ, ಆಮೇಲೆ 10.

ಮೊದಲ ಗುಳಿಗೆ ನುಂಗಿದ ದಿನಕ್ಕೆ ಬರೋಣ. ಸುಮಾರು ಐದು ಗಂಟೆಯಲ್ಲಿ ಅದು ರಕ್ತದಲ್ಲಿ ಅತಿ ಹೆಚ್ಚಿನ ಮಟ್ಟಕ್ಕೆ ಬರುತ್ತದೆ. ಮೆದುಳಿಗೂ ಸೇರುತ್ತದೆ. ಅಲ್ಲಿ ಅದಕ್ಕಿರುವ ಕೆಲಸ ಒಂದೇ. ಸೆರೊಟೋನಿನ್ ಎಂಬ ಸಂದೇಶದ ರಾಸಾಯನಿಕವನ್ನು ಬಿಡುಗಡೆ ಮಾಡುವ ನರಕೋಶ, ಸಂದೇಶ ಮುಟ್ಟಿದ ಮೇಲೆ ಅದನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವ ಪ್ರೋಟೀನಿಗೆ ಸರ್ಟ್ ಎಂದು ಹೆಸರು. ಮದ್ದು ಈ ಸರ್ಟ್‌ಗೆ ಅಂಟಿಕೊಂಡು ಅದನ್ನು ಸುಮ್ಮನಾಗಿಸುತ್ತದೆ. ಆಗ ಸೆರೊಟೋನಿನ್ ಹೊರಗೇ ಹೆಚ್ಚು ಹೊತ್ತು ಉಳಿಯುತ್ತದೆ. ಮದ್ದು ಹೊಸದಾಗಿ ಸೆರೊಟೋನಿನ್ ತಯಾರಿಸುವುದಿಲ್ಲ. ಇದ್ದದ್ದು ಬೇಗ ಖಾಲಿಯಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ.

ಇದಕ್ಕೆ ವಾರಗಳು ಬೇಡ. ಮೆದುಳಿನ ಸ್ಕ್ಯಾನ್ ಮಾಡಿ ಎಷ್ಟು ಸರ್ಟ್ ಮುಚ್ಚಿದೆ ಎಂದು ಅಳೆಯಬಹುದು. ಚಿಕಿತ್ಸೆಗೆ ಬಳಸುವ ಕನಿಷ್ಠ ಡೋಸ್‌ನಲ್ಲೇ ಸುಮಾರು 80% ಸರ್ಟ್ ಮುಚ್ಚಿರುತ್ತದೆ ಎಂದು ಟೊರಾಂಟೊದ ಸಂಶೋಧಕರು 2004ರಲ್ಲಿ ತೋರಿಸಿದರು. ಎಸಿಟಲೊಪ್ರಾಮ್‌ನ ಅರ್ಧಾಯುಷ್ಯ, ಅಂದರೆ ರಕ್ತದ ಮಟ್ಟ ಅರ್ಧಕ್ಕೆ ಇಳಿಯುವ ಹೊತ್ತು, ಸುಮಾರು 30 ಗಂಟೆ. ದಿನಕ್ಕೊಂದು ನುಂಗಿದರೆ ಒಂದು ವಾರದ ಸುಮಾರಿಗೆ ರಕ್ತದ ಮಟ್ಟ ಒಂದು ಹದಕ್ಕೆ ಬಂದು ನಿಲ್ಲುತ್ತದೆ. ಅಂದರೆ ರಕ್ತದಲ್ಲಿ ಮದ್ದು ತುಂಬಲು ಹೊತ್ತು ಹಿಡಿಯುತ್ತದೆ ಎಂಬ ವಿವರಣೆ ಹೆಚ್ಚೆಂದರೆ ಮೊದಲ ವಾರಕ್ಕೆ ಸಾಕು. ಉಳಿದ ವಾರಗಳಿಗೆ ಬೇರೆ ಕಾರಣ ಹುಡುಕಬೇಕು.

ಮೊದಲ ವಾರ ನಮ್ಮ ಕೃಷಿಕರಿಗೆ ಕಂಡದ್ದು ಹೊಟ್ಟೆ ತೊಳಸು, ಸ್ವಲ್ಪ ತಲೆನೋವು, ಒಳಗೊಳಗೇ ಏನೋ ಚಡಪಡಿಕೆ. ನಿದ್ದೆ ಇನ್ನೂ ಕೆಟ್ಟಿತು. ಹೊಟ್ಟೆಯ ವಿಷಯ ಸುಲಭ. ದೇಹದ ಸೆರೊಟೋನಿನ್‌ನಲ್ಲಿ 90%ಕ್ಕೂ ಜಾಸ್ತಿ ಇರುವುದು ಮೆದುಳಲ್ಲಿ ಅಲ್ಲ, ಕರುಳಲ್ಲಿ. ಅಲ್ಲೂ ಸರ್ಟ್ ಇದೆ, ಮದ್ದು ಅದನ್ನೂ ಮುಚ್ಚುತ್ತದೆ. ಕರುಳಿನ ನರಗಳಿಗೆ ಸಂಕೇತ ಜಾಸ್ತಿಯಾಗಿ ಹೊಟ್ಟೆ ತೊಳಸುತ್ತದೆ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಕಮ್ಮಿಯಾಗುತ್ತದೆ. ಊಟದ ಜೊತೆ ನುಂಗಿದರೆ ಇನ್ನೂ ವಾಸಿ. ಮೊದಲ ವಾರ 5 ಮಿಲಿಗ್ರಾಂ ಕೊಡುವುದೂ ಇದಕ್ಕೇ.

ಮೆದುಳಿನ ಕತೆ ಇಷ್ಟು ನೇರವಿಲ್ಲ. ಸೆರೊಟೋನಿನ್ ನರಕೋಶಗಳ ಮೂಲ ಮೆದುಳಿನ ಕಾಂಡದಲ್ಲಿರುವ ರಾಫೆ ಎಂಬ ಸಣ್ಣ ಜಾಗ. ಕೋಶಗಳ ಒಡಲು ಅಲ್ಲಿರುತ್ತದೆ. ಅವುಗಳ ಉದ್ದದ ಎಳೆಗಳು ಮೆದುಳಿನ ಬಹುತೇಕ ಎಲ್ಲ ಭಾಗಕ್ಕೂ ಹೋಗಿ, ತುದಿಯಲ್ಲಿ ಸೆರೊಟೋನಿನ್ ಬಿಡುತ್ತವೆ. ಆದರೆ ಈ ಕೋಶಗಳು ತಮ್ಮ ಒಡಲ ಸುತ್ತಲೂ ಒಂದಿಷ್ಟು ಸೆರೊಟೋನಿನ್ ಬಿಟ್ಟುಕೊಳ್ಳುತ್ತವೆ. ಅದನ್ನು ಗುರುತಿಸುವ ಗ್ರಾಹಕವೂ ಅದೇ ಕೋಶದ ಮೇಲಿದೆ. ಅದರ ಹೆಸರು 5-ಎಚ್‌ಟಿ1ಎ. ತನ್ನ ಸೆರೊಟೋನಿನ್ ಅನ್ನು ತಾನೇ ಅಳೆಯುವುದರಿಂದ ಸ್ವಗ್ರಾಹಕ ಅನ್ನುತ್ತಾರೆ. ಸುತ್ತ ಸೆರೊಟೋನಿನ್ ಏರಿದರೆ ಈ ಗ್ರಾಹಕ ಕೋಶದ ಪೊಟ್ಯಾಸಿಯಂ ದಾರಿಗಳನ್ನು ತೆರೆಯುತ್ತದೆ. ಆಗ ಕೋಶ ಮಿಡಿಯುವುದು ನಿಧಾನವಾಗುತ್ತದೆ.

ತೋಟದ ಟ್ಯಾಂಕಿಗೆ ತೇಲುವ ಸ್ವಿಚ್ ಹಾಕಿದವರಿಗೆ ಇದು ಬೇಗ ಅರ್ಥವಾದೀತು. ಟ್ಯಾಂಕಿನಲ್ಲಿ ನೀರು ಏರಿತು ಎಂದರೆ ಪಂಪು ತಾನೇ ನಿಲ್ಲುತ್ತದೆ. ತೋಟದ ಕೊನೆಯ ಸಾಲಿಗೆ ನೀರು ಮುಟ್ಟಿತೋ ಇಲ್ಲವೋ ಸ್ವಿಚ್ಚಿಗೆ ಗೊತ್ತಿಲ್ಲ. ಅದು ನೋಡುವುದು ತನ್ನ ಪಕ್ಕದ ನೀರನ್ನು ಮಾತ್ರ.

ಎಸ್‌ಎಸ್‌ಆರ್‌ಐ ನುಂಗಿದ ಮೊದಲ ದಿನಗಳಲ್ಲಿ ಆಗುವುದೂ ಇದೇ. ರಾಫೆಯಲ್ಲೂ ಸರ್ಟ್ ಮುಚ್ಚುತ್ತದೆ, ಕೋಶದ ಒಡಲ ಸುತ್ತ ಸೆರೊಟೋನಿನ್ ಏರುತ್ತದೆ. ಸ್ವಗ್ರಾಹಕ ಅದನ್ನು ಕಂಡು ಮಿಡಿತ ಇಳಿಸುತ್ತದೆ. ತುದಿಯಲ್ಲಿ ಎಳೆದುಕೊಳ್ಳುವುದು ನಿಂತಿದೆ, ಸರಿ. ಆದರೆ ಹೊರಬೀಳುವುದೂ ಕಮ್ಮಿಯಾಗಿದೆ. ಒಂದು ಇನ್ನೊಂದನ್ನು ಹೆಚ್ಚುಕಡಿಮೆ ಹೊಡೆದುಹಾಕುತ್ತದೆ. ಹಾಗಾಗಿ ನೆನಪು, ಭಾವನೆಗಳನ್ನು ನೋಡಿಕೊಳ್ಳುವ ಮೆದುಳಿನ ಭಾಗಗಳಲ್ಲಿ ಸೆರೊಟೋನಿನ್ ನಾವು ಅಂದುಕೊಂಡಷ್ಟು ಏರುವುದೇ ಇಲ್ಲ.

ಇದನ್ನು 1980ರ ದಶಕದಲ್ಲಿ ಇಲಿಗಳಲ್ಲಿ ಬಿಡಿಸಿ ತೋರಿಸಿದವರು ಮಾಂಟ್ರಿಯಲ್‌ನ ಕ್ಲೋಡ್ ಡಿ ಮೋಂಟಿನಿ ಮತ್ತು ಪಿಯರ್ ಬ್ಲಿಯೆ. ಮದ್ದು ಕೊಟ್ಟ ಮೊದಲ ದಿನಗಳಲ್ಲಿ ರಾಫೆ ಕೋಶಗಳ ಮಿಡಿತ ಬಿತ್ತು. ಮದ್ದು ಮುಂದುವರಿಸಿದಾಗ ಅದು ನಿಧಾನಕ್ಕೆ ಮೇಲೆ ಬಂತು. ಸುಮಾರು ಎರಡು ಮೂರು ವಾರಕ್ಕೆ ಹಳೆಯ ಮಟ್ಟ ಮುಟ್ಟಿತು. ಬಿಡದೆ ಸೆರೊಟೋನಿನ್ ತಾಗಿ ತಾಗಿ ಸ್ವಗ್ರಾಹಕಗಳು ಮೊದಲಿನ ಹಾಗೆ ಉತ್ತರ ಕೊಡುವುದನ್ನು ಬಿಟ್ಟಿದ್ದವು. ಈಗ ಮಿಡಿತ ಮೊದಲಿನಷ್ಟಿದೆ, ಸರ್ಟ್ ಇನ್ನೂ ಮುಚ್ಚಿದೆ. ಮದ್ದು ಮೊದಲ ದಿನ ಮಾಡಹೊರಟ ಕೆಲಸ ಪೂರ್ತಿಯಾಗಿ ನಡೆಯುವುದು ಆಗ.

ಎರಡು ಮೂರು ವಾರ ಎಂಬ ಲೆಕ್ಕ ರೋಗಿಗಳ ಅನುಭವಕ್ಕೂ ಹೊಂದುತ್ತದೆ ಅಲ್ವಾ? ಅದಕ್ಕೇ ಈ ವಿವರಣೆ ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ಕೂತಿತು. ಆದರೆ ಅದನ್ನು ಪರೀಕ್ಷಿಸುವ ದಾರಿಯೂ ಇತ್ತು. ಪಿಂಡೊಲಾಲ್ ಎಂಬ ರಕ್ತದೊತ್ತಡದ ಹಳೆಯ ಮದ್ದು ಈ ಸ್ವಗ್ರಾಹಕಕ್ಕೂ ಅಡ್ಡ ನಿಲ್ಲುತ್ತದೆ. ಎಸ್‌ಎಸ್‌ಆರ್‌ಐ ಜೊತೆ ಅದನ್ನೂ ಕೊಟ್ಟರೆ ಮೊದಲ ದಿನದಿಂದಲೇ ಮಿಡಿತ ಬೀಳಬಾರದು, ಖಿನ್ನತೆ ಬೇಗ ಇಳಿಯಬೇಕು. 1990ರ ದಶಕದಲ್ಲಿ ಹಾಗೆ ಕೊಟ್ಟು ನೋಡಿದರು. ಕೆಲವು ಪ್ರಯೋಗಗಳಲ್ಲಿ ಮೊದಲ ಎರಡು ವಾರ ಸ್ವಲ್ಪ ಬೇಗ ಸುಧಾರಿಸಿತು. ಕೆಲವದರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಬಳಸಿದ ಡೋಸ್ ಸ್ವಗ್ರಾಹಕಗಳನ್ನು ಸಾಕಷ್ಟು ಮುಚ್ಚುತ್ತಿರಲಿಲ್ಲ ಎಂದು ಆಮೇಲೆ ಸ್ಕ್ಯಾನ್‌ಗಳು ತೋರಿಸಿದವು. ಆದ್ದರಿಂದ ಈ ಪರೀಕ್ಷೆ ಸ್ವಗ್ರಾಹಕದ ವಿವರಣೆಯನ್ನು ಬೀಳಿಸಲಿಲ್ಲ. ಪೂರ್ತಿ ಗೆಲ್ಲಿಸಲೂ ಇಲ್ಲ. ನನಗೆ ಕಾಣುವಂತೆ ಅದು ತಡದ ಒಂದು ತುಂಡನ್ನು ಚೆನ್ನಾಗಿ ವಿವರಿಸುತ್ತದೆ, ಇಡೀ ತಡವನ್ನು ಅಲ್ಲ.

ಏಕೆಂದರೆ ಸೆರೊಟೋನಿನ್ ಸಂಕೇತ ಸರಿಯಾಗಿ ಏರಿದ ಮೇಲೂ ಮನುಷ್ಯ ಮರುದಿನ ಗೆಲುವಾಗುವುದಿಲ್ಲ. ಅಲ್ಲಿಂದ ಮುಂದಿನ ಕೆಲಸ ನರಕೋಶಗಳ ನಡುವಿನ ಬೆಸುಗೆಗಳದು. ಎಸ್‌ಎಸ್‌ಆರ್‌ಐ ಸ್ವಲ್ಪ ಕಾಲ ಸಿಕ್ಕಿದ ಪ್ರಾಣಿಗಳಲ್ಲಿ ಬಿಡಿಎನ್‌ಎಫ್ ಎಂಬ ಬೆಳವಣಿಗೆಯ ಪ್ರೋಟೀನಿನ ಸಂಕೇತ ಹೆಚ್ಚುತ್ತದೆ. ಬೆಸುಗೆಗಳು ಬದಲಾಗಲು ಹೆಚ್ಚು ತಯಾರಾಗುತ್ತವೆ. ಇದಕ್ಕೆ ಒಂದು ಚಂದದ ಪುರಾವೆ ಖಿನ್ನತೆಯಿಂದ ಬಂದದ್ದಲ್ಲ, ಕಣ್ಣಿನಿಂದ ಬಂದದ್ದು. ಎಳವೆಯಲ್ಲಿ ಒಂದು ಕಣ್ಣು ಮುಚ್ಚಿದ್ದರೆ ಮೆದುಳು ಆ ಕಣ್ಣನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ದೊಡ್ಡವಾದ ಮೇಲೆ ತೆರೆದರೂ ನೋಟ ಸರಿಯಾಗುವುದಿಲ್ಲ. ಅಂಥ ದೊಡ್ಡ ಇಲಿಗಳಿಗೆ ಫ್ಲುಆಕ್ಸೆಟಿನ್ ಕೊಟ್ಟು, ಚೆನ್ನಾಗಿದ್ದ ಇನ್ನೊಂದು ಕಣ್ಣನ್ನು ಮುಚ್ಚಿ, ಮಬ್ಬಾದ ಕಣ್ಣಿಗೇ ಕೆಲಸ ಕೊಟ್ಟಾಗ ನೋಟ ಮರಳಿತು. 2008ರಲ್ಲಿ ಪ್ರಕಟವಾದ ಕೆಲಸ ಇದು. 2021ರಲ್ಲಿ ಫಿನ್ಲೆಂಡಿನ ಏರೋ ಕಾಸ್ಟ್ರೇನ್ ಅವರ ತಂಡ ಇನ್ನೂ ಮುಂದೆ ಹೋಗಿ, ಈ ಮದ್ದುಗಳು ಬಿಡಿಎನ್‌ಎಫ್‌ನ ಗ್ರಾಹಕಕ್ಕೆ ನೇರವಾಗಿಯೇ ಅಂಟುತ್ತವೆ ಎಂದಿತು. ಇದರ ಮೇಲೆ ಇನ್ನೂ ಚರ್ಚೆ ನಡೆದಿದೆ.

ಕಣ್ಣಿನ ಪ್ರಯೋಗದಲ್ಲಿ ಗಮನಿಸಬೇಕಾದದ್ದು, ಕಣ್ಣಿಗೆ ಕೆಲಸವೂ ಸಿಕ್ಕಿತ್ತು ಎಂಬುದು. ಮದ್ದು ಬದಲಾವಣೆಗೆ ಅನುಕೂಲ ಮಾಡಿತು. ಎತ್ತ ಬದಲಾಗಬೇಕು ಎಂದು ಹೇಳಿದ್ದು ಬಂದ ಬೆಳಕು. ಖಿನ್ನತೆಯಲ್ಲೂ ಹಾಗೇ ಇರಬಹುದು ಎಂಬುದಕ್ಕೆ ಆಕ್ಸ್‌ಫರ್ಡಿನ ಕ್ಯಾಥರೀನ್ ಹಾರ್ಮರ್ ಅವರ ಕೆಲಸ ಬೆಂಬಲ ಕೊಡುತ್ತದೆ. ಖಿನ್ನತೆಯಲ್ಲಿ ಇರುವವರು ಎದುರಿನವರ ಮುಖದಲ್ಲಿ ಕೋಪ, ಬೇಸರವನ್ನೇ ಹೆಚ್ಚು ಓದುತ್ತಾರೆ. ಮದ್ದು ಶುರುಮಾಡಿದ ಮೊದಲ ದಿನಗಳಲ್ಲೇ ಈ ಓದು ಸ್ವಲ್ಪ ಬದಲಾಗುತ್ತದೆ. "ಇವತ್ತು ಹೇಗನಿಸುತ್ತದೆ?" ಎಂದು ಕೇಳಿದರೆ ಮಾತ್ರ ಉತ್ತರ ಹಳೆಯದೇ. ಅಂದರೆ ಒಳಗಿನ ತೂಕ ಮೊದಲು ಸರಿಯುತ್ತದೆ. ಆಮೇಲೆ ಹತ್ತಾರು ಸಣ್ಣ ಘಟನೆಗಳು ಬೇರೆ ರೀತಿ ಕಾಣತೊಡಗಿ, ಅವೆಲ್ಲ ಕೂಡಿ, ಮನಸ್ಸಿನ ಒಟ್ಟು ಬಣ್ಣ ಬದಲಾಗುತ್ತದೆ. ತೋಟದಲ್ಲಿ ಕೆಲಸದವರು ನಕ್ಕರೆ ತನ್ನನ್ನು ನೋಡಿಯೇ ನಕ್ಕರು ಎಂದು ಕೃಷಿಕರಿಗೆ ಅನಿಸದೆ ಇರಬೇಕಾದರೆ, ಮೊದಲು ಕೃಷಿಕರು ತೋಟಕ್ಕೆ ಹೋಗಿರಬೇಕು, ಕೆಲಸದವರು ನಗಬೇಕು. ಅದಕ್ಕೆ ದಿನಗಳು ಬೇಕು.

ಇಲ್ಲಿ ಒಂದು ತಕರಾರು ಎತ್ತಬೇಕು. ಎರಡು ಮೂರು ವಾರ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಆಗುತ್ತದೆ ಎಂದು ಹೇಳಿಕೊಡುತ್ತೇವಲ್ಲ, ಅದು ಪೂರ್ತಿ ನಿಜವಲ್ಲ. ತುಂಬಾ ಪ್ರಯೋಗಗಳ ಫಲಿತಾಂಶ ಕೂಡಿಸಿ ನೋಡಿದಾಗ ಮೊದಲ ಒಂದೆರಡು ವಾರದಲ್ಲೇ ಮದ್ದಿನವರು ಮದ್ದೇ ಇಲ್ಲದ ಸಕ್ಕರೆ ಗುಳಿಗೆಯವರಿಗಿಂತ ಸ್ವಲ್ಪ ಮುಂದಿರುತ್ತಾರೆ. ಆ ಸ್ವಲ್ಪ ಎಷ್ಟು ಸಣ್ಣದೆಂದರೆ ನುಂಗುವವರಿಗೆ ಗೊತ್ತಾಗುವುದಿಲ್ಲ. ಮನೆಯವರಿಗೆ ಗೊತ್ತಾಗಬಹುದು. ನಮ್ಮ ಕೃಷಿಕರ ಮನೆಯಲ್ಲಿ ಹನ್ನೆರಡನೆಯ ದಿನ ಹೆಂಡತಿ ಹೇಳಿದ್ದು ಇಷ್ಟೇ: "ಇವತ್ತು ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಟ್ರಿ." ಅವರಿಗೆ ಅದು ನೆನಪೇ ಇರಲಿಲ್ಲ.

ಎರಡನೆಯ ವಾರದ ಕೊನೆಗೆ ಅಂಕ 17ರಿಂದ 13ಕ್ಕೆ ಇಳಿದಿತ್ತು ಎನ್ನೋಣ. ನಾಲ್ಕು ಅಂಕ, ಹೆಚ್ಚುಕಡಿಮೆ 24%. ಇಳಿದದ್ದು ನಿದ್ದೆ, ಹಸಿವಿನ ಪ್ರಶ್ನೆಗಳಲ್ಲಿ. "ಯಾವುದರಲ್ಲೂ ಆಸಕ್ತಿ ಇಲ್ಲ" ಎಂಬುದು ಹಾಗೇ ಇತ್ತು. ನಾಲ್ಕನೆಯ ವಾರಕ್ಕೆ 11, ಆರನೆಯ ವಾರಕ್ಕೆ 8. ಅರ್ಧಕ್ಕಿಂತ ಕೆಳಗೆ ಬಂದರೆ ಮದ್ದು ಹಿಡಿಯಿತು ಎನ್ನುತ್ತಾರೆ. ಐದಕ್ಕಿಂತ ಕೆಳಗೆ ಬಂದರೆ ವಾಸಿ. ಅಂಥ ಲೆಕ್ಕದಲ್ಲಿ ಎರಡನೆಯ ವಾರದ ಗುರುತು ಉಪಯೋಗದ್ದು. ಆಗ 20%ರಷ್ಟೂ ಇಳಿದಿಲ್ಲವಾದರೆ ಅದೇ ಡೋಸ್‌ನಲ್ಲಿ ಮುಂದೆ ಚೆನ್ನಾಗಿ ಹಿಡಿಯುವ ಸಾಧ್ಯತೆ ಕಮ್ಮಿ. ಸುಮ್ನೆ ಕಾಯುವ ಬದಲು ಡಾಕ್ಟರಿಗೆ ಹೇಳಬೇಕು. ಆದರೆ ಕಮ್ಮಿ ಎಂದರೆ ಇಲ್ಲ ಎಂದಲ್ಲ. ಅಮೆರಿಕದಲ್ಲಿ ನಡೆದು 2006ರಲ್ಲಿ ಫಲಿತಾಂಶ ಬಂದ ಸ್ಟಾರ್-ಡಿ ಎಂಬ ದೊಡ್ಡ ಅಧ್ಯಯನದಲ್ಲಿ, ಇದೇ ಗುಂಪಿನ ಸಿಟಲೊಪ್ರಾಮ್ ಹಿಡಿದವರಲ್ಲಿ ಸಾಕಷ್ಟು ಮಂದಿಗೆ ಅದು ಹಿಡಿದದ್ದು ಎಂಟು ವಾರದ ಮೇಲೆ. ಅದೇ ಅಧ್ಯಯನದಲ್ಲಿ ಮೊದಲ ಮದ್ದಿನಿಂದ ಪೂರ್ತಿ ವಾಸಿಯಾದವರು ಸುಮಾರು ಮೂರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆ ಡೋಸ್ ಏರಿಸುವುದು, ಮದ್ದು ಬದಲಿಸುವುದು, ಮಾತಿನ ಚಿಕಿತ್ಸೆ ಸೇರಿಸುವುದು ಬೇಕಾಗುತ್ತದೆ.

ಮೊದಲ ವಾರಗಳ ಚಡಪಡಿಕೆಯನ್ನು ಮಾತ್ರ ಹಗುರಾಗಿ ತಗೊಳ್ಳಬಾರದು. ಕೂತಲ್ಲಿ ಕೂರಲಾಗದೆ ಅಂಗಳದಲ್ಲಿ ಅತ್ತಿಂದಿತ್ತ ನಡೆಯುವುದು, ಸಾವಿನ ಯೋಚನೆ ಹೊಸದಾಗಿ ಬರುವುದು ಅಥವಾ ಜೋರಾಗುವುದು, ಇವು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಹೇಳಿ. 25ಕ್ಕಿಂತ ಕೆಳಗಿನ ವಯಸ್ಸಿನವರಲ್ಲಿ ಈ ಅಪಾಯ ಸ್ವಲ್ಪ ಜಾಸ್ತಿ ಎಂದು ಅಮೆರಿಕದ ಔಷಧ ನಿಯಂತ್ರಕರು ಮದ್ದಿನ ಮಾಹಿತಿ ಹಾಳೆಯಲ್ಲೇ ಎಚ್ಚರಿಕೆ ಬರೆಸಿದ್ದಾರೆ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರಕಾರದ ಟೆಲಿ ಮಾನಸ್ ಸಂಖ್ಯೆ 14416 ಇದೆ, ದಿನವಿಡೀ ತೆರೆದಿರುತ್ತದೆ.

ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮಾತು: ಸೆರೊಟೋನಿನ್ ಕಮ್ಮಿಯಾಗಿ ಖಿನ್ನತೆ ಬರುತ್ತದೆ ಎಂಬುದೇ ಸುಳ್ಳಂತೆ, ಹಾಗಾಗಿ ಈ ಮದ್ದೂ ಮೋಸವಂತೆ. ಮೊದಲರ್ಧ ಬಹುಮಟ್ಟಿಗೆ ಸರಿ. 2022ರಲ್ಲಿ ಲಂಡನ್ನಿನ ಜೊವಾನಾ ಮಾನ್‌ಕ್ರೀಫ್ ಮತ್ತು ಜೊತೆಗಾರರು ಹಳೆಯ ಪುರಾವೆಗಳನ್ನೆಲ್ಲ ಕೂಡಿಸಿ ನೋಡಿ, ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣ ಎನ್ನಲು ಗಟ್ಟಿ ಆಧಾರ ಸಿಗುವುದಿಲ್ಲ ಎಂದರು. ಸಂಶೋಧಕರಲ್ಲಿ ಹಲವರಿಗೆ ಇದು ಸುದ್ದಿಯೇ ಆಗಿರಲಿಲ್ಲ. ಮೊದಲ ದಿನವೇ ಸರ್ಟ್ ಮುಚ್ಚಿಯೂ ಖಿನ್ನತೆ ಇಳಿಯುವುದಿಲ್ಲ ಎಂದರೆ ಬರೀ ಕೊರತೆಯ ಲೆಕ್ಕ ಅಲ್ಲ ಎಂದು ಆಗಲೇ ಗೊತ್ತಿತ್ತು. ಆದರೆ ಎರಡನೆಯ ಅರ್ಧ ಅದರಿಂದ ಬರುವುದಿಲ್ಲ. 2018ರಲ್ಲಿ 522 ಪ್ರಯೋಗಗಳನ್ನು ಕೂಡಿಸಿದ ವಿಶ್ಲೇಷಣೆಯಲ್ಲಿ, ನೋಡಿದ 21 ಮದ್ದುಗಳೂ ಸಕ್ಕರೆ ಗುಳಿಗೆಗಿಂತ ಮೇಲಿದ್ದವು. ಸರಾಸರಿ ವ್ಯತ್ಯಾಸ ದೊಡ್ಡದಲ್ಲ, ಆದರೆ ಇದೆ.

ಸೆರೊಟೋನಿನ್‌ಗೂ ನಿರಾಳಕ್ಕೂ ಇರುವ ನಂಟನ್ನು ತೋರಿಸುವ ಪ್ರಯೋಗವೊಂದು 1990ರ ಸುಮಾರಿನದು. ಸೆರೊಟೋನಿನ್ ತಯಾರಾಗುವುದು ಊಟದಿಂದ ಬರುವ ಟ್ರಿಪ್ಟೊಫಾನ್‌ನಿಂದ. ಅದಿಲ್ಲದ ಪಾನೀಯ ಕೊಟ್ಟು ಕೆಲವು ಗಂಟೆ ಸೆರೊಟೋನಿನ್ ಇಳಿಸಬಹುದು. ಆರೋಗ್ಯವಂತರಿಗೆ ಹಾಗೆ ಮಾಡಿದರೆ ಸಾಮಾನ್ಯವಾಗಿ ಖಿನ್ನತೆ ಬರುವುದಿಲ್ಲ. ಎಸ್‌ಎಸ್‌ಆರ್‌ಐಯಂಥ ಮದ್ದಿನಿಂದ ಸುಧಾರಿಸಿದವರಿಗೆ ಮಾಡಿದಾಗ ಹಲವರಿಗೆ ಅವತ್ತೇ ಲಕ್ಷಣಗಳು ಮರಳಿದವು, ಸರಿಯಾಗಿ ಊಟ ಮಾಡಿದ ಮೇಲೆ ಹೋದವು. ಅಂದರೆ ರೋಗದ ಮೂಲ ಸೆರೊಟೋನಿನ್ ಕೊರತೆ ಆಗಿರಬೇಕಾಗಿಲ್ಲ. ಆದರೆ ಈ ಮದ್ದು ಕೊಟ್ಟ ಸುಧಾರಣೆ ಸೆರೊಟೋನಿನ್ ಮೇಲೆ ನಿಂತಿದೆ.

ಡೋಸ್ ಎರಡರಷ್ಟು ಮಾಡಿದರೆ ಬೇಗ ಗುಣವಾಗದೇ ಎಂದು ಕೇಳುವವರಿದ್ದಾರೆ. ಇದಕ್ಕೆ ಸರ್ಟ್ ಲೆಕ್ಕವೇ ಉತ್ತರ. ಎಸಿಟಲೊಪ್ರಾಮ್ ಅಂದರೆ ಸಿಟಲೊಪ್ರಾಮ್‌ನ ಕೆಲಸ ಮಾಡುವ ಅರ್ಧ ಭಾಗ. ಹಾಗಾಗಿ ಎಸಿಟಲೊಪ್ರಾಮ್ 10 ಮಿಲಿಗ್ರಾಂ ಸುಮಾರು ಸಿಟಲೊಪ್ರಾಮ್ 20ಕ್ಕೆ ಸಮ. ಸಿಟಲೊಪ್ರಾಮ್ 20 ಮಿಲಿಗ್ರಾಂಗೆ ಸುಮಾರು 80% ಸರ್ಟ್ ಮುಚ್ಚುತ್ತದೆ. 40 ಮಾಡಿದರೆ ಸುಮಾರು 86%. ಮದ್ದು ಎರಡರಷ್ಟು, ಸಿಕ್ಕಿದ್ದು ಬರೀ ಆರು. ಸ್ವಗ್ರಾಹಕ ಸುಮ್ಮನಾಗುವ ವೇಗವಾಗಲಿ ಬೆಸುಗೆ ಬದಲಾಗುವ ವೇಗವಾಗಲಿ ಅದರಿಂದ ಹೆಚ್ಚುವುದಿಲ್ಲ. ಹೊಟ್ಟೆ ತೊಳಸುವುದು ಮಾತ್ರ ಹೆಚ್ಚೀತು.

ಇದೇ ಲೆಕ್ಕವನ್ನು ಕೆಳಗಿನಿಂದ ನೋಡಿದರೆ ಗಡಿನಾಡಿನವರಿಗೆ ಗೊತ್ತಿರುವ ಇನ್ನೊಂದು ತೊಂದರೆ ಅರ್ಥವಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಡಾಕ್ಟರನ್ನೇ ನಂಬಿದ್ದ ಕಾಸರಗೋಡಿನವರಿಗೆ ಆಚೆ ಹೋಗಲು ಆಗಲಿಲ್ಲ. ಅಂಥ ಹೊತ್ತಲ್ಲಿ ಎಸಿಟಲೊಪ್ರಾಮ್ ಒಮ್ಮೆಲೇ ನಿಂತರೆ ಎರಡು ಮೂರು ದಿನದಲ್ಲಿ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಜುಮ್ಮೆನ್ನುವಿಕೆ ಬರಬಹುದು. ಇದೇ ಗುಂಪಿನ ಪರಾಕ್ಸೆಟಿನ್‌ನಲ್ಲಿ ಇದು ಇನ್ನೂ ಜಾಸ್ತಿ. ಫ್ಲುಆಕ್ಸೆಟಿನ್‌ನಲ್ಲಿ ಕಮ್ಮಿ, ಏಕೆಂದರೆ ಅದೂ ಅದರಿಂದ ಹುಟ್ಟುವ ಇನ್ನೊಂದು ವಸ್ತುವೂ ದೇಹದಿಂದ ಪೂರ್ತಿ ಹೋಗಲು ವಾರಗಳೇ ಬೇಕು. ಮದ್ದಿನಂಗಡಿಯಲ್ಲಿ ಕಂಪನಿ ಹೆಸರು ಬೇರೆ ಸಿಕ್ಕಿದರೂ ಒಳಗಿನ ಮದ್ದಿನ ಹೆಸರು ಮತ್ತು ಮಿಲಿಗ್ರಾಂ ಒಂದೇ ಇದ್ದರೆ ಸಾಕು. ಚೀಟಿಯಲ್ಲಿ ಆ ಹೆಸರನ್ನೇ ಬರೆಸಿಕೊಂಡಿದ್ದರೆ ಗಡಿಯ ಯಾವ ಕಡೆ ಬೇಕಾದರೂ ಕೇಳಬಹುದು.

ಪೂರ್ತಿ ವಾಸಿಯಾದ ಮೇಲೂ ಕನಿಷ್ಠ ಆರು ತಿಂಗಳು ಅದೇ ಡೋಸ್ ಮುಂದುವರಿಸುತ್ತಾರೆ, ಬೇಗ ಬಿಟ್ಟರೆ ಖಿನ್ನತೆ ಮರಳುವ ಸಾಧ್ಯತೆ ಜಾಸ್ತಿ ಎಂದು. ಬಿಡುವಾಗ ಎಸಿಟಲೊಪ್ರಾಮ್ 10ರಿಂದ 5ಕ್ಕೆ ಇಳಿಸಿ, ಕೆಲವು ವಾರ ಬಿಟ್ಟು ಸೊನ್ನೆ ಮಾಡುವುದು ರೂಢಿ. ಕಾಗದದ ಮೇಲೆ ಎರಡೂ ಸಮ ಮೆಟ್ಟಿಲು. ಸರ್ಟ್‌ನಲ್ಲಿ ಅಲ್ಲ. ಸಿಟಲೊಪ್ರಾಮ್ 5.4 ಮಿಲಿಗ್ರಾಂ ಇದ್ದಾಗಲೂ ಸುಮಾರು 60% ಸರ್ಟ್ ಮುಚ್ಚಿರುತ್ತದೆ, 2.3ರಲ್ಲೂ ಸುಮಾರು 40%. ಎಸಿಟಲೊಪ್ರಾಮ್ ಆದರೆ ಇದರ ಅರ್ಧವೇ ಸಾಕು. ಹಾಗಾಗಿ ಮೊದಲ ಅರ್ಧ ಕಳೆದಾಗ ಏನೂ ಗೊತ್ತಾಗದವರಿಗೆ ಕೊನೆಯ 5 ಮಿಲಿಗ್ರಾಂ ಬಿಟ್ಟ ವಾರ ತಲೆ ಸುತ್ತತೊಡಗುತ್ತದೆ. ಮದ್ದು ಬಿಟ್ಟ ಕೆಲವೇ ದಿನದಲ್ಲಿ ಶುರುವಾಗಿ, ಮೊದಲು ಇರದಿದ್ದ ಜುಮ್ಮೆನ್ನುವಿಕೆಯೂ ಜೊತೆಗಿದ್ದು, ಮದ್ದು ಮತ್ತೆ ಕೊಟ್ಟರೆ ಒಂದೆರಡು ದಿನದಲ್ಲಿ ಹೋದರೆ ಅದು ಮದ್ದು ಬಿಟ್ಟದ್ದರ ತೊಂದರೆ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ಹಲವು ವಾರ ಹಿಡಿದು, ಹಳೆಯ ಬೆಳಗಿನ ಜಾವದ ಎಚ್ಚರದ ಹಾಗೆ, ತನ್ನ ಹಳೆಯ ರೂಪದಲ್ಲೇ ಬರುತ್ತದೆ. ಮೊದಲನೆಯದಕ್ಕೆ ಬೇಕಾದದ್ದು ಹೊಸ ಮದ್ದಲ್ಲ, 5ರಿಂದ ಸೊನ್ನೆಗೆ ಇಳಿಯುವ ಮೊದಲು ಎರಡೂವರೆ, ಬೇಕಿದ್ದರೆ ಅದಕ್ಕೂ ಚಿಕ್ಕ ಇನ್ನೊಂದೆರಡು ಮೆಟ್ಟಿಲು.